61 ಜಿಬಿ ಮದುವೆ ವಿಡಿಯೋ, ಪೆನ್‌ಡ್ರೈವ್‌ನಲ್ಲಿ 57 ಆಗುವುದು ಹೇಗೆ?

ಮೈಸೂರಿನ ಸ್ಟುಡಿಯೋದಲ್ಲಿ ಮ್ಯಾಕ್ ಕಂಪ್ಯೂಟರಿನಲ್ಲಿ ಎಡಿಟ್ ಆದ ಮದುವೆ ವಿಡಿಯೋ, 64 ಜಿಬಿ ಪೆನ್‌ಡ್ರೈವ್‌ಗೆ ತುಂಬಿ ಮಂಡ್ಯದ ಮನೆ ಸೇರಿತು ಎಂದುಕೊಳ್ಳಿ. ಎರಡನೇ ದಿನವೇ ಫೋನ್ ಬರುತ್ತದೆ: “ಸಾರ್, ನಿಮ್ಮಲ್ಲಿ 61 ಜಿಬಿ ಅಂದ್ರಿ, ನಮ್ಮ ಲ್ಯಾಪ್‌ಟಾಪಲ್ಲಿ 57 ತೋರಿಸ್ತಿದೆ. ನಾಲ್ಕು ಜಿಬಿ ಎಲ್ಲೋ ಬಿಟ್ಟೋಗಿದೆ. ಧಾರೆ ಭಾಗಾನೇ ಹೋಗಿದ್ಯೋ ಏನೋ.” ಪೆನ್‌ಡ್ರೈವ್ ಮೇಲೂ ಅನುಮಾನ. ಪ್ಯಾಕೆಟ್ಟಿನ ಮೇಲೆ 64 ಎಂದಿದೆ, ವಿಂಡೋಸ್ 59.6 ಎನ್ನುತ್ತಿದೆ.

ಧಾರೆಯೂ ಹೋಗಿಲ್ಲ, ಪೆನ್‌ಡ್ರೈವ್ ನಕಲಿಯೂ ಅಲ್ಲ. ಹಳೇ ಮೈಸೂರು ಕಡೆ ಹಿಂದೆ ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡು ಸೇರು ನಡೆಯುತ್ತಿದ್ದವು. ಯಾವ ಸೇರು ಎಂದು ಕೇಳದೆ ಲೆಕ್ಕ ಹಾಕಿದರೆ ಜಗಳ ಖಂಡಿತ. ಜಿಬಿಯೂ ಹಾಗೆಯೇ. ಹೆಸರು ಒಂದು, ಅಳತೆ ಎರಡು.

ಒಂದನೆಯದು ಸಾವಿರದ ಲೆಕ್ಕ. 1,000 ಬೈಟ್‌ಗೆ ಒಂದು ಕೆಬಿ, 1,000 ಕೆಬಿಗೆ ಒಂದು ಎಂಬಿ, 1,000 ಎಂಬಿಗೆ ಒಂದು ಜಿಬಿ. ಕಿಲೋ, ಮೆಗಾ, ಗಿಗಾ ಎಂಬ ಮಾತುಗಳಿಗೆ ಮೊದಲಿನಿಂದಲೂ ಇರುವ ಅರ್ಥ ಇದೇ. ಎರಡನೆಯದು 1,024ರ ಲೆಕ್ಕ. ಮೆಮೊರಿ ಚಿಪ್‌ನಲ್ಲಿ ವಿಳಾಸದ ತಂತಿ ಒಂದೊಂದು ಹೆಚ್ಚಿದಂತೆ ಜಾಗ ಎರಡರಷ್ಟಾಗುತ್ತದೆ. ಹತ್ತು ತಂತಿಗೆ 1,024 ಜಾಗ. ಅದು ಸಾವಿರಕ್ಕೆ ಹತ್ತಿರವಿದ್ದುದರಿಂದ ಅದನ್ನೂ ಕಿಲೋ ಎಂದೇ ಕರೆದರು. ಗೊಂದಲ ಹುಟ್ಟಿದ್ದು ಅಲ್ಲೇ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 1998ರಲ್ಲಿ 1,024ರ ಲೆಕ್ಕಕ್ಕೆಂದೇ ಕಿಬಿ, ಮೆಬಿ, ಗಿಬಿ ಎಂಬ ಬೇರೆ ಹೆಸರು ಕೊಟ್ಟಿತು. ಬರೆಯುವುದು KiB, MiB, GiB ಎಂದು. ವಿಂಡೋಸ್ ಮಾತ್ರ ಇಂದಿಗೂ ಗಿಬಿಯನ್ನು ಲೆಕ್ಕ ಹಾಕಿ ಅದರ ಮುಂದೆ GB ಎಂದೇ ಬರೆಯುತ್ತದೆ. ಅರ್ಧ ತಲೆನೋವಿಗೆ ಇದೊಂದೇ ಕಾರಣ.

ಆದ್ದರಿಂದ ಮೊದಲ ಹೆಜ್ಜೆ, ಅಂಕಿ ಎಲ್ಲಿಂದ ಬಂತು ಎಂದು ನೋಡುವುದು. ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್, ಮೆಮೊರಿ ಕಾರ್ಡ್‌ಗಳ ಪ್ಯಾಕೆಟ್ ಮೇಲಿರುವುದು ಸಾವಿರದ ಲೆಕ್ಕ. 2009ರಲ್ಲಿ ಬಂದ 10.6 ಆವೃತ್ತಿಯಿಂದೀಚೆಗೆ ಮ್ಯಾಕ್ ತೋರಿಸುವುದೂ ಅದನ್ನೇ. ವಿಂಡೋಸ್ ತೋರಿಸುವುದು 1,024ರ ಲೆಕ್ಕ.

ಎರಡನೇ ಹೆಜ್ಜೆ, ಜಿಬಿಯನ್ನು ಬಿಟ್ಟು ಬೈಟ್ ನೋಡುವುದು. ಬೈಟ್‌ಗೆ ಎರಡು ಅಳತೆ ಇಲ್ಲ. ವಿಂಡೋಸ್‌ನಲ್ಲಿ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ Properties ತೆರೆಯಿರಿ. Size ಎಂಬ ಸಾಲಿನಲ್ಲಿ ಜಿಬಿಯ ಪಕ್ಕದಲ್ಲೇ, ಆವರಣದೊಳಗೆ ಪೂರ್ತಿ ಬೈಟ್ ಸಂಖ್ಯೆ ಇರುತ್ತದೆ. ಕೆಳಗಿನ Size on disk ಸಾಲನ್ನು ಇದಕ್ಕೆ ಬಳಸಬೇಡಿ. ಅದು ಡ್ರೈವ್‌ನಲ್ಲಿ ಹಿಡಿದ ಜಾಗ, ಡ್ರೈವ್ ಬದಲಾದರೆ ಅದೂ ಬದಲಾಗುತ್ತದೆ. ಮ್ಯಾಕ್‌ನಲ್ಲಿ Get Info ತೆರೆದರೆ ಬೈಟ್ ಸಿಗುತ್ತದೆ.

ನಮ್ಮ ಮದುವೆ ಫೋಲ್ಡರ್ 61,43,71,82,976 ಬೈಟ್ ಇದೆ ಎನ್ನೋಣ. ಮ್ಯಾಕ್ ಇದನ್ನು ಮೂರು ಸಲ 1,000ದಿಂದ ಭಾಗಿಸಿ 61.44 ಎನ್ನುತ್ತದೆ. ವಿಂಡೋಸ್ ಮೂರು ಸಲ 1,024ರಿಂದ ಭಾಗಿಸಿ 57.2 ಎನ್ನುತ್ತದೆ. ಪೆನ್‌ಡ್ರೈವ್‌ಗೂ ಅದೇ ಭಾಗಾಕಾರ. 64,00,00,00,000 ಬೈಟ್ ಅನ್ನು ಒಮ್ಮೆ 1,024ರಿಂದ ಭಾಗಿಸಿದರೆ 6,25,00,000 ಕೆಬಿ, ಮತ್ತೊಮ್ಮೆ ಭಾಗಿಸಿದರೆ 61,035 ಎಂಬಿ, ಮೂರನೇ ಸಲಕ್ಕೆ 59.6 ಜಿಬಿ. ಒಂದು ಬೈಟೂ ಎಲ್ಲೂ ಕಳೆದಿಲ್ಲ.

ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಇದನ್ನು ಹೀಗೆ ಪರೀಕ್ಷಿಸಬಹುದು:

```
61437182976 / 1GB
61437182976 / 1e9
```

ಮೊದಲ ಸಾಲಿಗೆ 57.2178 ಎಂದು ಶುರುವಾಗುವ ಉತ್ತರ, ಎರಡನೆಯದಕ್ಕೆ 61.437182976 ಬರುತ್ತದೆ. ಪವರ್‌ಶೆಲ್‌ಗೆ 1GB ಎಂದರೆ 1,024ರ ಲೆಕ್ಕವೇ.

ಹೆಚ್ಚಿನವರು ಎಡವುವುದು ಎಂಬಿಯಿಂದ ಜಿಬಿಗೆ ಬರುವಾಗ. ಮ್ಯಾಕ್ ಲೆಕ್ಕದಲ್ಲಿ ಈ ಫೋಲ್ಡರ್ 61,437 ಎಂಬಿ. “ಜಿಬಿಗೆ 1,024 ಎಂಬಿ ತಾನೇ” ಎಂದು ಇದನ್ನು ಒಮ್ಮೆ 1,024ರಿಂದ ಭಾಗಿಸಿದರೆ ಸರಿಸುಮಾರು 60 ಬರುತ್ತದೆ. ಈ 60 ಮ್ಯಾಕ್‌ನಲ್ಲೂ ಕಾಣುವುದಿಲ್ಲ, ವಿಂಡೋಸ್‌ನಲ್ಲೂ ಕಾಣುವುದಿಲ್ಲ, ಏಕೆಂದರೆ ಎರಡು ಮೆಟ್ಟಿಲು ಒಂದು ಅಳತೆಯಲ್ಲಿ, ಮೂರನೆಯದು ಇನ್ನೊಂದು ಅಳತೆಯಲ್ಲಿ ಇಳಿದಂತಾಯಿತು. ಎಂಬಿ ಯಾವ ಲೆಕ್ಕದ್ದೋ ಜಿಬಿಗೂ ಅದೇ ಲೆಕ್ಕ ಹಿಡಿಯಬೇಕು. ಹಳೆಯ ಫ್ಲಾಪಿಯ 1.44 ಎಂಬಿ ಇಂಥದೇ ಬೆರಕೆ ಲೆಕ್ಕ. 1,440ನ್ನು 1,024ರಿಂದ ಗುಣಿಸಿ 14,74,560 ಬೈಟ್ ಬಂದಮೇಲೆ, 1,440 ಕೆಬಿಯನ್ನೇ ಸಾವಿರದಿಂದ ಭಾಗಿಸಿ ಹೆಸರಿಟ್ಟರು.

ವಿಂಡೋಸ್‌ನೊಳಗೇ ಕೂಡುವಾಗಲೂ ಇದೇ ನಿಯಮ. 850 ಎಂಬಿ, 920 ಎಂಬಿ, 1.2 ಜಿಬಿ ಎಂದು ಮೂರು ಫೈಲ್ ಇದ್ದರೆ, ಮೊದಲು 1.2ನ್ನು 1,024ರಿಂದ ಗುಣಿಸಿ 1,228.8 ಎಂಬಿ ಮಾಡಿ. ಒಟ್ಟು 2,998.8 ಎಂಬಿ. ಅದನ್ನು ಮತ್ತೆ 1,024ರಿಂದ ಭಾಗಿಸಿದರೆ 2.93 ಜಿಬಿ.

ಬೇಗ ಅಂದಾಜು ಬೇಕಿದ್ದರೆ, ಪ್ಯಾಕೆಟ್ಟಿನ ಜಿಬಿಯನ್ನು 0.93ರಿಂದ ಗುಣಿಸಿದರೆ ವಿಂಡೋಸ್ ಅಂಕಿ, ವಿಂಡೋಸ್ ಜಿಬಿಯನ್ನು 1.074ರಿಂದ ಗುಣಿಸಿದರೆ ಪ್ಯಾಕೆಟ್ ಅಂಕಿ. ಎಂಬಿಗೆ ಈ ಗುಣಕ ಹಾಕಬಾರದು. ಪ್ರತಿ ಮೆಟ್ಟಿಲಿಗೂ ವ್ಯತ್ಯಾಸ ಬೆಳೆಯುತ್ತದೆ: ಕೆಬಿಯಲ್ಲಿ ಶೇ 2.4, ಎಂಬಿಯಲ್ಲಿ ಶೇ 4.9, ಜಿಬಿಯಲ್ಲಿ ಶೇ 7.4, ಟಿಬಿಗೆ ಬಂದಾಗ ಸುಮಾರು ಶೇ 10. ಒಂದು ಟಿಬಿ ಹಾರ್ಡ್‌ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಆಗುವುದು ಇದಕ್ಕೇ.

ಈ ಅಂದಾಜು ಕೈಕೊಡದೆ ಕಾಪಾಡುವ ಜಾಗ ಒಂದಿದೆ. ವಿಂಡೋಸ್‌ನಲ್ಲಿ ಫೋಲ್ಡರ್ 60.5 ಜಿಬಿ ತೋರಿಸಿದರೆ, 64ರ ಪೆನ್‌ಡ್ರೈವ್‌ನಲ್ಲಿ ಇನ್ನೂ ಮೂರೂವರೆ ಜಿಬಿ ಮಿಗುತ್ತದೆ ಎನಿಸುತ್ತದೆ. 1.074ರಿಂದ ಗುಣಿಸಿ ನೋಡಿ, 64.98 ಆಯಿತು. ಹಿಡಿಯುವುದಿಲ್ಲ. ಕಾಪಿ ಮುಗಿಯುವ ಹೊತ್ತಿಗೆ ಜಾಗ ಸಾಲದು ಎಂಬ ಸಂದೇಶ ಬರುವುದಕ್ಕಿಂತ, ಮೊದಲೇ ಪೆನ್‌ಡ್ರೈವ್‌ನ Properties ತೆರೆದು Free space ಸಾಲಿನ ಬೈಟ್ ಸಂಖ್ಯೆಯನ್ನು ಫೋಲ್ಡರ್‌ನ ಬೈಟ್ ಸಂಖ್ಯೆಯ ಪಕ್ಕ ಇಟ್ಟು ನೋಡುವುದು ಲೇಸು. ಫಾರ್ಮ್ಯಾಟ್ ಕೂಡ ಸ್ವಲ್ಪ ಜಾಗ ತಿನ್ನುವುದರಿಂದ ಪ್ಯಾಕೆಟ್ ಅಂಕಿಯನ್ನು ಕೊನೇ ಬೈಟ್‌ವರೆಗೂ ನಂಬಿ ತುಂಬಬೇಡಿ.

ಜಾಗ ಧಾರಾಳವಾಗಿದ್ದೂ ಒಂದೇ ಒಂದು ದೊಡ್ಡ ಫೈಲ್ ಹೋಗದಿದ್ದರೆ ಅದು ಬೇರೆ ಕಾಯಿಲೆ. FAT32 ಫಾರ್ಮ್ಯಾಟ್‌ನಲ್ಲಿ ಒಂದು ಫೈಲ್ 4,29,49,67,295 ಬೈಟ್ ಮೀರುವಂತಿಲ್ಲ. ಮ್ಯಾಕ್‌ನಲ್ಲಿ 4.2 ಜಿಬಿ ಎನ್ನುವ ಫೈಲ್ ಹೋಗುತ್ತದೆ, 4.3 ಎನ್ನುವುದು ಹೋಗುವುದಿಲ್ಲ. ಮ್ಯಾಕ್ ಮತ್ತು ವಿಂಡೋಸ್ ಎರಡರಲ್ಲೂ ಓದಲು ಡ್ರೈವನ್ನು exFATಗೆ ಫಾರ್ಮ್ಯಾಟ್ ಮಾಡಿ. ಒಳಗಿರುವುದೆಲ್ಲ ಅಳಿಸಿಹೋಗುವುದರಿಂದ ಮೊದಲು ಬೇರೆಡೆ ಕಾಪಿ ಇಟ್ಟುಕೊಳ್ಳಿ.

ಮಂಡ್ಯದ ಮನೆಯವರಿಗೆ ಸ್ಟುಡಿಯೋ ಕೊಡಬೇಕಾದ ಉತ್ತರ ಸರಳ: Properties ತೆರೆದು ಆವರಣದೊಳಗಿನ ಸಂಖ್ಯೆ ಓದಿ ಹೇಳಿ. ಅಲ್ಲೂ 61,43,71,82,976 ಇದ್ದರೆ ಗಾತ್ರ ತಾಳೆಯಾಯಿತು. ಮ್ಯಾಕ್ ತಾನಾಗಿಯೇ ಸೇರಿಸುವ `.DS_Store`ನಂಥ ಸಣ್ಣ ಫೈಲ್‌ಗಳಿಂದ ಕೆಲವು ಸಾವಿರ ಬೈಟ್ ಹೆಚ್ಚಿರಬಹುದು, ಅದಕ್ಕೆ ಚಿಂತೆ ಬೇಡ. ಕೋಟಿಗಟ್ಟಲೆ ಬೈಟ್ ಕಡಿಮೆಯಿದ್ದರೆ ಮಾತ್ರ ಯಾವುದೋ ಫೈಲ್ ನಿಜವಾಗಿಯೂ ಬಿಟ್ಟುಹೋಗಿದೆ, ಒಂದೊಂದೇ ಫೈಲ್‌ನ ಬೈಟ್ ತಾಳೆ ನೋಡಬೇಕು.