ಮಾರ್ಚ್ 31ರ ಜರ್ನಲ್ ನಮೂದುಗಳನ್ನು ಜಾಲಾಡುವುದು ಹೇಗೆ?

"ಡೆಬಿಟ್ಟಿಗೂ ಕ್ರೆಡಿಟ್ಟಿಗೂ ತಾಳೆಯಾಗಿದೆ ಸರ್, ಡೇಟಾ ಪೂರ್ತಿ ಬಂದಿದೆ." ಹುಬ್ಬಳ್ಳಿಯ ನಮ್ಮ ಕಚೇರಿಗೆ ಸೇರಿದ ಆರ್ಟಿಕಲ್ ವಿದ್ಯಾರ್ಥಿಗಳೆಲ್ಲ ತಮ್ಮ ಮೊದಲ ಆಡಿಟ್ ಹಂಗಾಮಿನಲ್ಲಿ ಈ ಮಾತು ಹೇಳುತ್ತಾರೆ. ತಾಳೆಯಾಗದೆ ಇನ್ನೇನು? ಒಂದು ವೋಚರ್ ಇಡಿಯಾಗಿ ಬಿಟ್ಟುಹೋದರೆ ಅದರ ಡೆಬಿಟ್ಟೂ ಹೋಗುತ್ತದೆ, ಕ್ರೆಡಿಟ್ಟೂ ಹೋಗುತ್ತದೆ. ಉಳಿದದ್ದು ಅಚ್ಚುಕಟ್ಟಾಗಿ ಸರಿಹೊಂದುತ್ತದೆ.

ವರ್ಷಾಂತ್ಯದ ಜರ್ನಲ್ ನಮೂದುಗಳನ್ನು ಪರೀಕ್ಷಿಸುವ ಕೆಲಸ ಹೆಚ್ಚಾಗಿ ಕೆಡುವುದು ಇಲ್ಲಿಯೇ. ಎಸ್‌ಎ 240 ಎಂಬ ಲೆಕ್ಕಪರಿಶೋಧನಾ ಮಾನದಂಡದ ಪ್ರಕಾರ, ಅವಧಿಯ ಕೊನೆಯಲ್ಲಿ ಹಾಕಿದ ನಮೂದುಗಳನ್ನು ಆಯ್ದು ನೋಡುವುದು ಪರಿಶೋಧಕರ ಆಯ್ಕೆಗೆ ಬಿಟ್ಟದ್ದಲ್ಲ, ಮಾಡಲೇಬೇಕಾದದ್ದು. ಹೇಗೆ ನೋಡಬೇಕೆಂಬುದನ್ನು ಹಾವೇರಿ ಜಿಲ್ಲೆಯ ಒಂದು ಮೆಣಸಿನಕಾಯಿ ವ್ಯಾಪಾರದ ಪ್ರೈವೇಟ್ ಲಿಮಿಟೆಡ್ ಕಂಪನಿಯ 2024–25ರ ಲೆಕ್ಕವನ್ನು ಇಟ್ಟುಕೊಂಡು ಹೇಳುತ್ತೇನೆ. ಗುರುತು ಸಿಗದಂತೆ ಅಂಕಿಗಳನ್ನು ತುಸು ಬದಲಿಸಿದ್ದೇನೆ.

ಹಂತ 1: ಡೇಟಾ ನೀವೇ ತೆಗೆಯಿರಿ

ಅಕೌಂಟೆಂಟ್ ಪಕ್ಕದಲ್ಲಿ ಕುಳಿತು ಟ್ಯಾಲಿಯ ಡೇ ಬುಕ್ಕನ್ನು ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಎಲ್ಲ ವಿವರಗಳೊಡನೆ ಎಕ್ಸೆಲ್‌ಗೆ ತೆಗೆದುಕೊಳ್ಳಿ. ತೆಗೆದ ದಿನ, ಗಂಟೆ ಬರೆದಿಡಿ. ವಾಟ್ಸಾಪ್‌ನಲ್ಲಿ ಬಂದ ಫೈಲನ್ನು ನಾನು ತೆರೆಯುವುದೂ ಇಲ್ಲ. ಅದು ಬರುವ ಮೊದಲು ಯಾರು ಯಾವ ಸಾಲು ಅಳಿಸಿದರೋ ಹೇಳುವವರಿಲ್ಲ. ತೆಗೆದ ಫೈಲಿನಲ್ಲಿ ದಿನಾಂಕ ಮತ್ತು ವೋಚರ್ ಸಂಖ್ಯೆ ಪ್ರತಿ ವೋಚರಿನ ಮೊದಲ ಸಾಲಿನಲ್ಲಷ್ಟೇ ಇದ್ದರೆ ಖಾಲಿ ಕೋಶಗಳನ್ನು ಮೇಲಿನ ಕೋಶದಿಂದ ತುಂಬಿಸಿಕೊಳ್ಳಿ.

ಹಂತ 2: ಪೂರ್ತಿ ಬಂದಿದೆಯೇ?

ಇಲ್ಲಿ ಅವಸರ ಬೇಡ. ಇನ್ನೊಂದು ಹಾಳೆಯಲ್ಲಿ ಎಲ್ಲ ಲೆಡ್ಜರ್‌ಗಳ ಹೆಸರು, ವರ್ಷದ ಆರಂಭದ ಬಾಕಿ ಮತ್ತು ಟ್ರಯಲ್ ಬ್ಯಾಲೆನ್ಸಿನ ಅಂತಿಮ ಬಾಕಿ ಬರೆದುಕೊಳ್ಳಿ. ಕ್ರೆಡಿಟ್ ಬಾಕಿಗಳು ಋಣ ಚಿಹ್ನೆಯಲ್ಲಿರಲಿ. ಆರಂಭದ ಬಾಕಿಗೆ ವರ್ಷದ ಡೆಬಿಟ್ ಕೂಡಿಸಿ ಕ್ರೆಡಿಟ್ ಕಳೆದರೆ ಅಂತಿಮ ಬಾಕಿ ಬರಬೇಕು, ಅದೂ ಒಂದೊಂದು ಲೆಡ್ಜರಿಗೂ:

```
=C2+SUMIFS(Data!G:G,Data!E:E,A2)-SUMIFS(Data!H:H,Data!E:E,A2)-D2
```

ಇಲ್ಲಿ `A` ಲೆಡ್ಜರ್ ಹೆಸರು, `C` ಆರಂಭದ ಬಾಕಿ, `D` ಅಂತಿಮ ಬಾಕಿ. `Data` ಹಾಳೆಯ `E` ಲೆಡ್ಜರ್, `G` ಡೆಬಿಟ್, `H` ಕ್ರೆಡಿಟ್. ಪ್ರತಿ ಸಾಲಿನಲ್ಲೂ ಸೊನ್ನೆ ಬರಬೇಕು. ನೂರು ರೂಪಾಯಿ ವ್ಯತ್ಯಾಸವನ್ನೂ ಚಿಲ್ಲರೆಯೆಂದು ಬಿಡಬೇಡಿ, ಎರಡು ದೊಡ್ಡ ಮೊತ್ತಗಳ ನಡುವಿನ ಅಂತರವೂ ನೂರೇ ಆಗಿರಬಹುದು.

ನಾನು ಹೇಳುತ್ತಿರುವ ಕಂಪನಿಯಲ್ಲಿ ಮೊದಲ ಸಲ ಐವತ್ತಕ್ಕೂ ಹೆಚ್ಚು ಲೆಡ್ಜರ್‌ಗಳಲ್ಲಿ ವ್ಯತ್ಯಾಸ ಬಂತು. ನಮ್ಮ ಹುಡುಗ ಡೇ ಬುಕ್ ಬಿಟ್ಟು, ವೋಚರ್ ಬಗೆಗಳನ್ನು ಒಂದೊಂದಾಗಿ ಆರಿಸಿ ಫೈಲ್ ತೆಗೆದಿದ್ದ. ಕಂಪನಿಯವರು ತಮ್ಮ ಅನುಕೂಲಕ್ಕೆ `JV-HO` ಎಂಬ ಇನ್ನೊಂದು ಬಗೆಯನ್ನು ಮಾಡಿಕೊಂಡಿದ್ದರು. ಅದರಲ್ಲಿದ್ದ 38 ವೋಚರ್‌ಗಳು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಡೆಬಿಟ್, ಕ್ರೆಡಿಟ್ ಮಾತ್ರ ಪೈಸೆಗೆ ಪೈಸೆ ತಾಳೆಯಾಗಿದ್ದವು!

ವೋಚರ್ ಸಂಖ್ಯೆಗಳ ನಡುವೆ ಬಿಟ್ಟುಹೋದದ್ದನ್ನು ಹುಡುಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಂಖ್ಯೆ ತಾನಾಗಿಯೇ ಬೀಳುವಂತೆ ಬಿಟ್ಟ ಕಡೆ, ನಡುವಿನ ವೋಚರ್ ಅಳಿಸಿದಾಗ ಟ್ಯಾಲಿ ಮುಂದಿನವುಗಳಿಗೆ ಹೊಸದಾಗಿ ಸಂಖ್ಯೆ ಕೊಟ್ಟುಬಿಡಬಹುದು. ಸಾಲು ಎಲ್ಲೂ ಮುರಿಯದಿದ್ದರೆ ಏನೂ ಅಳಿಸಿಲ್ಲ ಎಂದು ಅರ್ಥವಲ್ಲ.

ಇನ್ನೊಂದು ಮಾತು. ದಾಸ್ತಾನಿನ ಲೆಕ್ಕವನ್ನು ಟ್ಯಾಲಿಯಲ್ಲಿ ಇಡದ ಕಡೆ, ಮುಕ್ತಾಯದ ದಾಸ್ತಾನಿನ ಮೊತ್ತವನ್ನು ನೇರವಾಗಿ ಲೆಡ್ಜರಿನ ಮಾಸ್ಟರ್‌ನಲ್ಲಿಯೇ ತುಂಬುತ್ತಾರೆ. ಅದಕ್ಕೆ ವೋಚರ್ ಇರುವುದಿಲ್ಲ. ಲಾಭವನ್ನು ಹಿಗ್ಗಿಸಲು, ಕುಗ್ಗಿಸಲು ಎಲ್ಲಕ್ಕಿಂತ ಸುಲಭವಾದ ಅಂಕಿ ಜರ್ನಲ್ ಪರೀಕ್ಷೆಯ ಬಲೆಗೆ ಬೀಳುವುದೇ ಇಲ್ಲ. ಅದನ್ನು ಬೇರೆಯಾಗಿ, ಚೀಲ ಎಣಿಸಿಯೇ ನೋಡಬೇಕು.

ಹಂತ 3: ಎರಡು ದಿನಾಂಕ

ಪ್ರತಿ ನಮೂದಿಗೂ ಎರಡು ದಿನಾಂಕಗಳಿರುತ್ತವೆ: ವೋಚರಿನ ಮೇಲೆ ಬರೆದದ್ದು ಮತ್ತು ನಿಜವಾಗಿ ಕೀಲಿಮಣೆ ಒತ್ತಿದ್ದು. ಮೊದಲನೆಯದು ಬರೆಯುವವನ ಇಷ್ಟ. ಎರಡನೆಯದು ಎಡಿಟ್ ಲಾಗ್‌ನಲ್ಲಿರುತ್ತದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬದಲಾವಣೆಗಳ ಜಾಡು ಉಳಿಸುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮವಿದೆ, ಆ ಜಾಡನ್ನು ನಿಲ್ಲಿಸಿಡುವಂತಿಲ್ಲ.

ಈ ಕಂಪನಿಯಲ್ಲಿ ವರ್ಷದ ಜರ್ನಲ್ ವೋಚರ್‌ಗಳು 642. ಮಾರ್ಚ್ 25ರಿಂದ 31ರ ದಿನಾಂಕ ಹೊತ್ತವು 47. ಆ 47ನ್ನೂ ಎಡಿಟ್ ಲಾಗ್‌ನಲ್ಲಿ ಒಂದೊಂದಾಗಿ ತೆರೆದು, ಸೃಷ್ಟಿಯಾದ ದಿನ ಮತ್ತು ಸಮಯವನ್ನು ಪಕ್ಕದ ಕಾಲಮ್ಮಿನಲ್ಲಿ ಬರೆದೆವು. ಅರ್ಧ ದಿನದ ಕೆಲಸ. ಅವುಗಳಲ್ಲಿ 29 ವೋಚರ್‌ಗಳನ್ನು ಏಪ್ರಿಲ್‌ನಲ್ಲಿ ಅಥವಾ ಆಮೇಲೆ ಹಾಕಲಾಗಿತ್ತು. ಇದರಲ್ಲಿ ಗಾಬರಿಯಾಗುವಂಥದ್ದೇನೂ ಇಲ್ಲ. ಸವಕಳಿ, ಬಾಕಿ ಸಂಬಳ, ವಿದ್ಯುತ್ ಬಿಲ್ಲು, ಬಡ್ಡಿ ಇವೆಲ್ಲ ತಡವಾಗಿಯೇ ಬರುತ್ತವೆ. ತಡವಾಯಿತೆಂಬುದಷ್ಟೇ ಕಾರಣವಾಗಿ ಯಾರನ್ನೂ ಸಂಶಯಿಸಬೇಡಿ.

ಪಾಲುದಾರಿಕೆ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ, ಎಡಿಟ್ ಲಾಗ್ ಇಲ್ಲದಿರಬಹುದು. ಅಂಥ ಗಿರಾಕಿಗಳಿಂದ ನಾನು ಏಪ್ರಿಲ್ 1ರಂದೇ ಒಂದು ಬ್ಯಾಕಪ್ ತೆಗೆದಿಟ್ಟುಕೊಳ್ಳುತ್ತೇನೆ. ಜೂನ್ ತಿಂಗಳ ಡೇಟಾವನ್ನು ಅದರೊಡನೆ ಹೋಲಿಸಿದರೆ, ಮಾರ್ಚಿನ ದಿನಾಂಕ ಹೊತ್ತು ಆಮೇಲೆ ನುಸುಳಿದ್ದು ಯಾವುದೆಂದು ಗೊತ್ತಾಗುತ್ತದೆ. ಹೋಲಿಕೆಯನ್ನು ವೋಚರ್ ಸಂಖ್ಯೆಯಿಂದ ಮಾಡಬೇಡಿ, ಕಾರಣ ಮೇಲೆ ಹೇಳಿದೆ. ದಿನಾಂಕ, ಲೆಡ್ಜರ್, ಮೊತ್ತ ಈ ಮೂರನ್ನು ಸೇರಿಸಿ ಹೊಂದಿಸಿ.

ಹಂತ 4: ಜೋಡಿ ನೋಡಿ

ಸಿದ್ಧ ಸಾಫ್ಟ್‌ವೇರುಗಳು ಇಪ್ಪತ್ತು ಬಗೆಯ ಪರೀಕ್ಷೆಗಳನ್ನು ಒಂದೇ ಗುಂಡಿಗೆ ಮಾಡಿಕೊಡುತ್ತವೆ. ಕೊನೆಗೆ ಕೈಗೆ ಬರುವುದು ಮುನ್ನೂರು ಕೆಂಪು ಸಾಲುಗಳು. ಅವನ್ನು ಯಾರೂ ಓದುವುದಿಲ್ಲ. ರಜಾದಿನದ ಪರೀಕ್ಷೆಯನ್ನೇ ತೆಗೆದುಕೊಳ್ಳಿ: 2024ರ ಮಾರ್ಚ್ 31 ಭಾನುವಾರ. ಆ ವರ್ಷದ ವರ್ಷಾಂತ್ಯದ ನಮೂದುಗಳೆಲ್ಲ ಕೆಂಪಾದವು. ಬೆನ್‌ಫರ್ಡ್ ನಿಯಮದಂತೆ ಮೊದಲ ಅಂಕಿಗಳನ್ನು ಎಣಿಸುವುದು ಸಾವಿರಾರು ಸಾಲುಗಳಿಗೆ ಸರಿ, 47 ವೋಚರ್‌ಗಳಿಗೆ ಅದು ಕಣಿ ಕೇಳಿದಂತೆ.

ನನಗೆ ಬೇಕಾದದ್ದು ಒಂದೇ: ಯಾವ ಗುಂಪಿಗೆ ಡೆಬಿಟ್, ಯಾವ ಗುಂಪಿಗೆ ಕ್ರೆಡಿಟ್ ಎಂಬ ಜೋಡಿ. ಲೆಡ್ಜರ್ ಹೆಸರುಗಳ ಬದಲು ಅವು ಸೇರಿದ ಗುಂಪುಗಳನ್ನು ಬರೆದುಕೊಂಡು, ಜರ್ನಲ್ ಬಗೆಯ ಸಾಲುಗಳನ್ನಷ್ಟೇ ಬೇರೆ ಹಾಳೆಗೆ ಹಾಕಿ:

```
=TEXTJOIN("|",TRUE,SORT(UNIQUE(FILTER(
F$2:F$1600&IF(G$2:G$1600>0,"-Dr","-Cr"),B$2:B$1600=B2))))
```

`B` ವೋಚರ್ ಗುರುತು, `F` ಗುಂಪು, `G` ಡೆಬಿಟ್. ಹಳೆಯ ಎಕ್ಸೆಲ್‌ನಲ್ಲಿ ಇದು ನಡೆಯುವುದಿಲ್ಲ. ಇಡೀ ವರ್ಷದ ಎಲ್ಲ ಸಾಲುಗಳಿಗೆ ಹಾಕಿದರೆ ಕಂಪ್ಯೂಟರ್ ಹೆಪ್ಪುಗಟ್ಟಿ ಕೂರುತ್ತದೆ. ಆಮೇಲೆ ಪಿವಟ್ ಹಾಕಿ, ವರ್ಷದಲ್ಲಿ ಯಾವ ಜೋಡಿ ಎಷ್ಟು ಸಲ ಬಂದಿದೆ ಎಂದು ಎಣಿಸಿ. ಸಂಬಳ–ಬಾಕಿ ಸಂಬಳದ ಜೋಡಿ ಹನ್ನೆರಡು ಸಲ ಬರುತ್ತದೆ, ಅದು ಊಟಕ್ಕೆ ಕುಳಿತ ಮನೆಯವರಂತೆ. ವರ್ಷವಿಡೀ ಕಾಣದೆ ಮಾರ್ಚ್ 31ಕ್ಕೆ ಮಾತ್ರ ಬಂದ ಅತಿಥಿ ಯಾರು?

ನಮ್ಮ ಪ್ರಕರಣದಲ್ಲಿ ಒಂದೇ ಒಂದು ಬಂತು: ಗಿರಾಕಿಯೊಬ್ಬರಿಗೆ ಡೆಬಿಟ್, ಇನ್ನೊಬ್ಬ ಗಿರಾಕಿಗೆ ಕ್ರೆಡಿಟ್. ಮೊತ್ತ 18,64,000 ರೂಪಾಯಿ. ಬಗೆ, ಅದೇ `JV-HO`. ನರೇಶನ್ `Being amt adjusted`. ಸೃಷ್ಟಿಯಾದದ್ದು ಏಪ್ರಿಲ್ 9ರ ರಾತ್ರಿ 9.47ಕ್ಕೆ. ಮಾರಾಟವನ್ನೋ ಖರ್ಚನ್ನೋ ಮುಟ್ಟುವ ನಮೂದುಗಳನ್ನು ಮಾತ್ರ ಹುಡುಕಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ಲಾಭಕ್ಕೆ ಒಂದು ರೂಪಾಯಿಯ ವ್ಯತ್ಯಾಸವೂ ಇಲ್ಲ. ಲಕ್ಷದ ದುಂಡು ಮೊತ್ತದ ಪರೀಕ್ಷೆಯಲ್ಲೂ ಇದು ಬೀಳುವುದಿಲ್ಲ.

ಹಂತ 5: ಏಪ್ರಿಲ್‌ನಲ್ಲಿ ವಾಪಸಾಗಿದೆಯೇ?

ಅದೇ ಮೊತ್ತವನ್ನು ಏಪ್ರಿಲ್, ಮೇ ತಿಂಗಳ ಡೇಟಾದಲ್ಲಿ ಹುಡುಕಿದೆವು, ಸಿಗಲಿಲ್ಲ. ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ಮೊತ್ತವನ್ನು ಬಿಟ್ಟು ಆ ಎರಡು ಲೆಡ್ಜರ್‌ಗಳನ್ನು ಕಣ್ಣಿಂದ ಓದಿ. ಏಪ್ರಿಲ್ 12ಕ್ಕೆ 9,64,000, ಏಪ್ರಿಲ್ 15ಕ್ಕೆ 9,00,000, ಎರಡು ಕಂತಿನಲ್ಲಿ ಬಾಕಿ ಮೂಲ ಗಿರಾಕಿಯ ಹೆಸರಿಗೆ ಮರಳಿತ್ತು. ಎಡಿಟ್ ಲಾಗ್ ತೆರೆದೆವು. ಎರಡೂ ಸೃಷ್ಟಿಯಾದದ್ದು ಏಪ್ರಿಲ್ 9ರ ರಾತ್ರಿ, 9.52ಕ್ಕೆ ಒಂದು, 9.54ಕ್ಕೆ ಇನ್ನೊಂದು. ಹೋದ ಐದು ನಿಮಿಷಕ್ಕೇ ಮರಳುವ ಟಿಕೆಟ್ ತೆಗೆದಿಟ್ಟಿದ್ದರು.

ಹಂತ 6: ಕೇಳಿ, ಕಾಗದ ನೋಡಿ

ಬಳಕೆದಾರರ ಹೆಸರನ್ನು ಹೆಚ್ಚು ನಂಬಬೇಡಿ. ನಮ್ಮ ಕಡೆ ಮೂವರು ಒಂದೇ ಪಾಸ್‌ವರ್ಡ್ ಬಳಸುವುದು ಮಾಮೂಲು. ನೇರವಾಗಿ ಕೇಳುವುದೇ ಲೇಸು.

"ಈ ನಮೂದು ಯಾಕೆ ಹಾಕಿದಿರಿ?"

"ಸಿಎ ಸಾಹೇಬರು ಹೇಳಿದ್ದರು ಸರ್."

ಆ ಸಿಎ ಕಚೇರಿ ನಮ್ಮದೇ! ಅಕೌಂಟೆಂಟ್ ನಕ್ಕರು, ನಾವೂ ನಕ್ಕೆವು, ಆಮೇಲೆ ಕಾಗದ ಕೇಳಿದೆವು. ಗಿರಾಕಿಗಳಿಬ್ಬರ ಒಪ್ಪಿಗೆ ಪತ್ರ ಇರಲಿಲ್ಲ. ಇದ್ದದ್ದು ಏಪ್ರಿಲ್ 10ರಂದು ಬ್ಯಾಂಕಿಗೆ ಕೊಟ್ಟ ದಾಸ್ತಾನು ಮತ್ತು ಬಾಕಿಗಳ ಪಟ್ಟಿ. ಆ ಹಣ ಆಗಸ್ಟ್ 14ರ ಬಿಲ್ಲಿನದು. ಈ ಕಂಪನಿಯ ಸಾಲದ ಕರಾರಿನಂತೆ 90 ದಿನ ಮೀರಿದ ಬಾಕಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಇನ್ನೊಬ್ಬ ಗಿರಾಕಿಯ ಹೆಸರಿಗೆ ಮಾರ್ಚ್ 31ರ ದಿನಾಂಕದಲ್ಲಿ ಹೋದ ಕೂಡಲೇ ಹಳೆಯ ಬಾಕಿ ನಿನ್ನೆ ಹುಟ್ಟಿದ ಕೂಸಾಯಿತು. ಬಾಕಿಯ ಮೇಲೆ ಶೇ. 40 ಮಾರ್ಜಿನ್ ಕಳೆದರೂ 11,18,400 ರೂಪಾಯಿಯಷ್ಟು ಹೆಚ್ಚು ಹಣ ತೆಗೆಯುವ ಮಿತಿ ಸಿಕ್ಕಿತು.

ನಮ್ಮ ಲೆಕ್ಕಕ್ಕೆ ಎರಡು ಪರಿಣಾಮಗಳಾದವು. 30 ದಿನದ ಕಡದ ಗಡುವು ಸೆಪ್ಟೆಂಬರ್ 13ಕ್ಕೆ ಮುಗಿದಿದ್ದರಿಂದ, ಬ್ಯಾಲೆನ್ಸ್ ಶೀಟಿನ ಬಾಕಿ ವಯಸ್ಸಿನ ಪಟ್ಟಿಯಲ್ಲಿ ಅದು ಆರು ತಿಂಗಳು ಮೀರಿದ ಸಾಲಿಗೆ ಹೋಗಬೇಕಿತ್ತು. ಆ ಗಿರಾಕಿ ಹಣ ಕೊಡುತ್ತಾರೋ ಇಲ್ಲವೋ ಎಂಬ ಪ್ರಶ್ನೆಯನ್ನೂ ಎತ್ತಲೇಬೇಕಾಯಿತು. ಹತ್ತು ನಿಮಿಷ ಹಿಂಜರಿದ ಮೇಲೆ ನಿರ್ದೇಶಕರು ಹೇಳಿದರು, "ಅವರ ಫೋನ್ ಜನವರಿಯಿಂದ ಎತ್ತುತ್ತಿಲ್ಲ." ನಮೂದನ್ನು ತೆಗೆಸಿ ಪೂರ್ತಿ ಮೊತ್ತಕ್ಕೆ ಸಂಶಯಾಸ್ಪದ ಬಾಕಿಯೆಂದು ಅವಕಾಶ ಮಾಡಿಸಿದೆವು. ಸಹಿ ಹಾಕುವ ದಿನ ಡೇಟಾವನ್ನು ಮತ್ತೊಮ್ಮೆ ತೆಗೆದು, ಎರಡನೇ ಹಂತದ ಸೂತ್ರವನ್ನು ಮೊದಲಿನಿಂದ ಓಡಿಸಿದೆವು.