ಫೋಟೋದಲ್ಲಿ ಮಣ್ಣು ನೋಡುವಾಗ

ಇದು ಯಾವ ಮಣ್ಣು ಅಂತ ಕೇಳಲು ಮಳೆ ಬಿದ್ದ ಮರುದಿನ ಹೊಲದ ಫೋಟೋ ಹಾಕಬೇಡಿ. ಹಸಿ ಇದ್ದರೆ ಕೆಂಪು ಮಸಾರಿ ಮಣ್ಣೂ ಕಪ್ಪಗೆ ಕಾಣುತ್ತದೆ. ಒಣಗಿದ ಮೇಲೆ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ತೆಗೆಯಿರಿ.

ಬೆರಳು ತೂರುವಷ್ಟು ಬಿರುಕು, ಒಡೆಯದ ಗಟ್ಟಿ ಹೆಂಟೆ ಕಂಡರೆ ಜಿಗುಟು ಜಾಸ್ತಿ ಇರುವ ಎರೆ ಮಣ್ಣು. ಬಿರುಕಿಲ್ಲದೆ ಕೆಂಪಗೆ, ಹರಳು ಹರಳಾಗಿದ್ದರೆ ಮಸಾರಿ ಅಥವಾ ಬೀದರ್ ಕಡೆಯ ಜಂಬಿಟ್ಟಿಗೆ ಮಣ್ಣು.

ಸುರಪುರ ಕಡೆ ಕಾಲುವೆ ನೀರಿನ ಎರೆ ಹೊಲಗಳಲ್ಲಿ ಮೇಲೆ ಬಿಳಿ ಪದರ ಕಾಣುತ್ತದಲ್ವಾ? ಅದು ಸುಣ್ಣವೋ ಉಪ್ಪೋ, ಫೋಟೋ ಹೇಳದು. ಅಲ್ಲಲ್ಲಿ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ಅರ್ಧ ಕೆಜಿ ಲ್ಯಾಬಿಗೆ ಕೊಡಿ. ಲವಣಾಂಶ ಜಾಸ್ತಿ ಬಂದರೆ ಉಪ್ಪು. ಬಸಿಗಾಲುವೆ ತೆಗೆದು ನೀರಲ್ಲಿ ತೊಳೆಯಬೇಕು. ಲವಣಾಂಶ ಕಡಿಮೆ ಇದ್ದು ರಸಸಾರ 8.5 ದಾಟಿದರೆ ಸೋಡಿಯಂ ಶಂಕೆ. ಅದಕ್ಕೆ ಜಿಪ್ಸಂ ಎಷ್ಟು ಹಾಕಬೇಕು ಅಂತ ಲ್ಯಾಬಲ್ಲೇ ಕೇಳಿ, ಅಂದಾಜಲ್ಲಿ ಸುಮ್ನೆ ಸುರಿಯಬೇಡಿ.