ಗಾಡಿಯವ ನಾಲೆಗೆ, ಎತ್ತು ಗದ್ದೆಗೆ: ಕ್ರಿಯಾಪದ ಬಿಡುವಾಗ ನಾನು ನೋಡುವುದು

ಮೈಸೂರಿನಲ್ಲಿ ಕೂತು ಮಂಡ್ಯ ಜಿಲ್ಲೆಯ ಸುದ್ದಿ ತಿದ್ದುವುದು ನನ್ನ ಕೆಲಸ. ಜಾಗ ಕಡಿಮೆಯಾದಾಗ ಕತ್ತರಿ ಮೊದಲು ಬೀಳುವುದು ಎರಡೆರಡು ಸಲ ಬಂದ ಕ್ರಿಯಾಪದದ ಮೇಲೆ. ಅದರಲ್ಲಿ ಒಂದನ್ನು ತೆಗೆದರೆ ವಾಕ್ಯ ನಿಲ್ಲುತ್ತದೋ ಇಲ್ಲವೋ ಎಂಬುದು ಹೆಚ್ಚಾಗಿ ಕ್ರಿಯಾಪದದ ಬಾಲದ ಮೇಲೆ ಇರುತ್ತದೆ.

'ಅಣ್ಣ ಮದ್ದೂರಿಗೆ ಹೋದ, ಅಕ್ಕ ಪಾಂಡವಪುರಕ್ಕೆ ಹೋದಳು' ಎಂಬುದನ್ನು ಎರಡು ರೀತಿ ಕತ್ತರಿಸಬಹುದು. ಕ್ರಿಯಾಪದವನ್ನು ಕೊನೆಗೆ ಉಳಿಸಿಕೊಂಡರೆ 'ಅಣ್ಣ ಮದ್ದೂರಿಗೆ, ಅಕ್ಕ ಪಾಂಡವಪುರಕ್ಕೆ ಹೋದರು' ಎಂದಾಗುತ್ತದೆ. ಇಲ್ಲಿ 'ಹೋದಳು' ಎಂದೇ ಬಿಟ್ಟರೆ ಮಾತಿನಲ್ಲಿ ನಡೆದೀತು, ಅಚ್ಚಿನಲ್ಲಿ ಅಣ್ಣ ಅನಾಥನಾಗುತ್ತಾನೆ. ಇಬ್ಬರನ್ನೂ ಸೇರಿಸಿಕೊಳ್ಳುವ ಬಹುವಚನವನ್ನೇ ನಾನು ಹಾಕುತ್ತೇನೆ. 'ನಾನು' ಸೇರಿದರೆ 'ಹೋದೆವು'. ಇನ್ನೊಂದು ದಾರಿ, ಮೊದಲನೆಯದನ್ನು ಉಳಿಸಿ ಎರಡನೆಯದನ್ನು ಬಿಡುವುದು: 'ಅಣ್ಣ ಮದ್ದೂರಿಗೆ ಹೋದ, ಅಕ್ಕ ಪಾಂಡವಪುರಕ್ಕೆ.' ಇಲ್ಲಿ 'ಹೋದ' ಇದ್ದ ಹಾಗೇ ಇರುತ್ತದೆ; ಅಕ್ಕನಿಗೆ ಬೇಕಾದ 'ಹೋದಳು' ಓದುಗರ ಮನಸ್ಸಿನಲ್ಲಿ ತಾನಾಗಿ ಕೂರುತ್ತದೆ. ಲಿಂಗ ಬೇರೆಯಾದರೂ ಅಡ್ಡಿಯಿಲ್ಲ.

ಈ ಎರಡು ದಾರಿ ಒಂದೇ ಅಲ್ಲ ಎನ್ನುವುದು ಚೆನ್ನಾಗಿ ಕಾಣುವುದು ಇಂಥ ವರದಿಯಲ್ಲಿ: 'ಗಾಡಿಯವ ನಾಲೆಗೆ ಬಿದ್ದ, ಎತ್ತು ಗದ್ದೆಗೆ ಬಿತ್ತು.' ಕ್ರಿಯಾಪದವನ್ನು ಕೊನೆಗೆ ತಂದು ನೋಡಿ. 'ಬಿದ್ದರು' ಎಂದರೆ ಎತ್ತಿಗೂ ಮನುಷ್ಯನ ಮರ್ಯಾದೆ. 'ಬಿದ್ದವು' ಎಂದರೆ ಗಾಡಿಯವನೂ ದನ. ಮನುಷ್ಯ ಮತ್ತು ಪ್ರಾಣಿಯನ್ನು ಒಟ್ಟಿಗೆ ಹಿಡಿಯುವ ಬಹುವಚನ ಪ್ರತ್ಯಯ ನಮ್ಮ ಕ್ರಿಯಾಪದಕ್ಕಿಲ್ಲ. ಆದ್ದರಿಂದ ನಾನು ಮೊದಲನೆಯದನ್ನೇ ಉಳಿಸುತ್ತೇನೆ: 'ಗಾಡಿಯವ ನಾಲೆಗೆ ಬಿದ್ದ, ಎತ್ತು ಗದ್ದೆಗೆ.' ಓದುವಾಗ ಎಲ್ಲೂ ಎಡವುವುದಿಲ್ಲ.

ಅದೇ ವಾಕ್ಯ ನಿಷೇಧಕ್ಕೆ ತಿರುಗಿದರೆ ಲೆಕ್ಕ ಉಲ್ಟಾ. 'ಬೀಳಲಿಲ್ಲ' ಎಂಬುದಕ್ಕೆ ಲಿಂಗವೂ ಇಲ್ಲ, ವಚನವೂ ಇಲ್ಲ. 'ಗಾಡಿಯವ ನಾಲೆಗೆ, ಎತ್ತು ಗದ್ದೆಗೆ ಬೀಳಲಿಲ್ಲ' ಎಂದು ಧಾರಾಳವಾಗಿ ಬರೆಯಬಹುದು. ಆದರೆ 'ಗಾಡಿಯವ ನಾಲೆಗೆ ಬೀಳಲಿಲ್ಲ, ಎತ್ತು ಗದ್ದೆಗೆ' ಎಂದರೆ ಎತ್ತು ಬಿತ್ತೋ ಇಲ್ಲವೋ ತಿಳಿಯುವುದಿಲ್ಲ. 'ಇಲ್ಲ' ಮುಂದಿನ ತುಂಡಿಗೆ ಸಲೀಸಾಗಿ ಹರಿದು ಹೋಗುವುದಿಲ್ಲ. 'ಬೇಕು', 'ಬೇಡ'ಗಳಿಗೂ ಇಂಥ ಬಾಲವಿಲ್ಲ, ಹಾಗಾಗಿ 'ನನಗೆ ಕಾಫಿ, ಅವಳಿಗೆ ಟೀ ಬೇಕು' ಎಂಬುದರಲ್ಲಿ ಯೋಚಿಸುವಂಥದ್ದೇನೂ ಇಲ್ಲ.

ಲಿಂಗ, ವಚನ ಬೇರೆಯಾದರೆ ಸಹಿಸುವ ವಾಕ್ಯ ಕಾಲ ಬೇರೆಯಾದರೆ ಸಹಿಸುವುದಿಲ್ಲ. ಕ್ರೀಡಾ ಸುದ್ದಿಯಲ್ಲಿ 'ಮೈಸೂರು ತಂಡ ನಿನ್ನೆ, ಮಂಡ್ಯ ತಂಡ ನಾಳೆ ಆಡಲಿದೆ' ಎಂಬ ಸಾಲು ಆಗಾಗ ನುಸುಳುತ್ತದೆ. ನಿನ್ನೆಯ ಆಟಕ್ಕೆ 'ಆಡಲಿದೆ' ಹೇಗೂ ಕೂರದು. ತಿರುಗಿಸಿ 'ಮೈಸೂರು ತಂಡ ನಿನ್ನೆ ಆಡಿತು, ಮಂಡ್ಯ ತಂಡ ನಾಳೆ' ಎಂದರೂ ಅಷ್ಟೆ. ಅಲ್ಲಿ ಎರಡು ಕ್ರಿಯಾಪದವನ್ನೂ ಉಳಿಸಿ, ಜಾಗಕ್ಕೆ ಬೇರೆ ಯಾವುದಾದರೂ ವಿಶೇಷಣವನ್ನು ಹೊಡೆದು ಹಾಕುತ್ತೇನೆ.